ರದ್ದಾದ ಬಸ್ಸು, ಮರಳದ ಹಣ: ಟಿಕೆಟ್ ದರ ಹಿಂಪಡೆಯುವ ಕ್ರಮ

ಹಟ್ಟಿ: ಚಿನ್ನದ ಗಣಿಯ ಈ ಪಟ್ಟಣಕ್ಕೆ ರೈಲು ನಿಲ್ದಾಣವಿಲ್ಲ. ಬೆಂಗಳೂರಿಗೆ ಹೋಗಬೇಕಾದವರು ಲಿಂಗಸುಗೂರು, ಮಸ್ಕಿ ಅಥವಾ ಸಿಂಧನೂರಿನಿಂದ ರಾತ್ರಿ ಹೊರಡುವ ಬಸ್ಸನ್ನು ನೆಚ್ಚಿಕೊಳ್ಳಬೇಕು. ಇಲ್ಲವೇ ರಾಯಚೂರಿಗೆ ಹೋಗಿ ರೈಲು ಹಿಡಿಯಬೇಕು. 2024ರಲ್ಲಿ ಸಿಂಧನೂರಿಗೂ ರೈಲು ಬಂದ ಮೇಲೆ ಇನ್ನೊಂದು ದಾರಿ ತೆರೆದಿದೆ. ಆದರೂ ಸಂಜೆ ಹೊರಡಬೇಕಾದ ಬಸ್ಸು ಕೊನೆಯ ಗಳಿಗೆಯಲ್ಲಿ ರದ್ದಾದರೆ ಇಲ್ಲಿನ ಪ್ರಯಾಣಿಕನಿಗೆ ಬೇರೆ ವ್ಯವಸ್ಥೆ ಸುಲಭವಾಗಿ ಸಿಗುವುದಿಲ್ಲ. ಅದರ ಮೇಲೆ ಕೊಟ್ಟ ಹಣವೂ ಮರಳದಿದ್ದರೆ ನಷ್ಟ ಇಮ್ಮಡಿಯಾಗುತ್ತದೆ.

ಸೇವೆಯನ್ನು ರದ್ದು ಮಾಡಿದವರು ಸಂಚಾರ ನಡೆಸುವವರೇ ಆಗಿದ್ದಲ್ಲಿ, ಪ್ರಯಾಣಿಕನು ತೆತ್ತ ದರವನ್ನು ಇಟ್ಟುಕೊಳ್ಳಲು ಅವರಿಗೆ ಹಕ್ಕಿಲ್ಲ. ಕಾನೂನಿನಲ್ಲಿ ಈ ಬಗ್ಗೆ ಗೊಂದಲವಿಲ್ಲ. ಹೀಗಿದ್ದೂ ಅನೇಕ ಬೇಡಿಕೆಗಳು ತಿರಸ್ಕೃತವಾಗುತ್ತವೆ. 'ರದ್ದು ಮಾಡಿದವರು ಯಾರು' ಎಂಬ ಒಂದು ಪ್ರಶ್ನೆಗೆ ದಾಖಲೆಯಲ್ಲಿ ತಪ್ಪು ಉತ್ತರ ಕುಳಿತಿರುವುದೇ ಇದಕ್ಕೆ ಬಹುಮಟ್ಟಿಗೆ ಕಾರಣ. ಆದ್ದರಿಂದ ಹಣ ಕೇಳುವ ಕೆಲಸ ಆ ದಾಖಲೆಯಿಂದಲೇ ಆರಂಭವಾಗಬೇಕು.

ರದ್ದು ಮಾಡಿದವರು ಯಾರು?

ಪ್ರಯಾಣಿಕನೇ ಟಿಕೆಟ್ ರದ್ದು ಮಾಡಿದರೆ ಉಳಿದ ಸಮಯಕ್ಕೆ ಅನುಗುಣವಾಗಿ ಒಂದಷ್ಟು ಹಣ ಕಡಿತವಾಗುತ್ತದೆ. ಹೊರಡುವ ಹೊತ್ತು ಸಮೀಪಿಸಿದ್ದರೆ ಏನೂ ಸಿಗದಿರಬಹುದು. ಬಸ್ಸು ಹೊರಟಿದ್ದು ಪ್ರಯಾಣಿಕ ಬಾರದೆ ಇದ್ದರೂ ಏನೂ ಸಿಗುವುದಿಲ್ಲ. ಸೇವೆಯೇ ರದ್ದಾದರೆ ಮಾತ್ರ ಪೂರ್ಣ ದರ. ಪ್ರಯಾಣಿಕನ ಅನುಭವದಲ್ಲಿ ಈ ಮೂರೂ ಬೇರೆ ಬೇರೆ. ಕಂಪ್ಯೂಟರಿನಲ್ಲಿ ಮಾತ್ರ ಒಂದು ಗುಂಡಿ ಒತ್ತುವಷ್ಟರಲ್ಲಿ ಮೂರನೆಯದು ಮೊದಲನೆಯದಾಗಿ ಬದಲಾಗಬಲ್ಲದು.

ಇದಕ್ಕೆ ಎಲ್ಲರಿಗೂ ನೆನಪಿರುವ ನಿದರ್ಶನ 2020ರ ಮಾರ್ಚ್ ತಿಂಗಳಿನದು. ಕೊರೋನಾ ಕಾರಣದಿಂದ ದೇಶದ ಪ್ರಯಾಣಿಕ ರೈಲುಗಳೆಲ್ಲ ನಿಂತಾಗ ಗಾಬರಿಗೊಂಡ ಜನ ತಾವೇ ಇ-ಟಿಕೆಟುಗಳನ್ನು ರದ್ದು ಮಾಡತೊಡಗಿದರು. ಆಗ ಐಆರ್‌ಸಿಟಿಸಿ ಪ್ರಕಟಣೆ ಹೊರಡಿಸಿ, ರದ್ದಾದ ರೈಲಿನ ಇ-ಟಿಕೆಟನ್ನು ಪ್ರಯಾಣಿಕರು ತಾವಾಗಿ ರದ್ದು ಮಾಡಬಾರದು, ಹಾಗೆ ಮಾಡಿದರೆ ಕಡಿಮೆ ಹಣ ಸಿಗುವ ಸಂಭವವಿದೆ, ಸುಮ್ಮನಿದ್ದರೆ ಪೂರ್ಣ ದರ ತಾನಾಗಿ ಖಾತೆಗೆ ಬರುತ್ತದೆ ಎಂದು ತಿಳಿಸಬೇಕಾಯಿತು. ಅಂದಿನ ಆ ಸೂಚನೆ ಇಂದಿಗೂ ರೈಲಿಗೂ ಖಾಸಗಿ ಬಸ್ಸಿಗೂ ಸಮಾನವಾಗಿ ಅನ್ವಯಿಸುತ್ತದೆ.

ಖಾಸಗಿ ಬಸ್ಸುಗಳಲ್ಲಿ ಇದು ನಡೆಯುವ ಬಗೆ ಹೀಗೆ. ಸಂಜೆ ಬಸ್ಸಿನವರು ಕರೆ ಮಾಡಿ, "ಇವತ್ತು ಗಾಡಿ ಕೆಟ್ಟಿದೆ, ಬರುವುದಿಲ್ಲ, ನೀವು ಆ್ಯಪಿನಲ್ಲಿ ಕ್ಯಾನ್ಸಲ್ ಮಾಡಿಬಿಡಿ" ಎನ್ನುತ್ತಾರೆ. ಪ್ರಯಾಣಿಕ ನಂಬಿ ಹಾಗೆಯೇ ಮಾಡುತ್ತಾನೆ. ದಾಖಲೆಯಲ್ಲಿ ಅದು ಪ್ರಯಾಣಿಕನ ರದ್ದತಿಯಾಗಿ ನಿಲ್ಲುತ್ತದೆ. ಅವನು ರದ್ದು ಮಾಡದೆ ಬಿಟ್ಟರೂ ಬಸ್ಸಿನವರು ತಮ್ಮ ಕಡೆಯಿಂದ ಸೇವೆ ರದ್ದಾಯಿತೆಂದು ನಮೂದಿಸದಿದ್ದರೆ, ಮರುದಿನ ಟಿಕೆಟಿನ ಮುಂದೆ 'ಪ್ರಯಾಣ ಮುಗಿದಿದೆ' ಎಂದೋ 'ಪ್ರಯಾಣಿಕ ಬರಲಿಲ್ಲ' ಎಂದೋ ಕಾಣುತ್ತದೆ. ಹಣ ಕೇಳಿದಾಗ ಬರುವ ನಿರಾಕರಣೆಗೆ ಆಧಾರ ಈ ಒಂದು ಸಾಲು.

ಆ ರಾತ್ರಿಯೇ ಮಾಡಬೇಕಾದ ಕೆಲಸ

ಬಸ್ಸು ಬರುವುದಿಲ್ಲವೆಂಬ ಕರೆ ಬಂದೊಡನೆ, ಅದನ್ನು ಎಸ್‌ಎಂಎಸ್ ಅಥವಾ ವಾಟ್ಸಾಪ್ ಮೂಲಕ ಬರೆದು ತಿಳಿಸುವಂತೆ ಕೇಳಬೇಕು. ಅವರು ಬರೆಯದಿದ್ದರೆ ಪ್ರಯಾಣಿಕನೇ ಅದೇ ಸಂಖ್ಯೆಗೆ ಒಂದು ಸಂದೇಶ ಕಳಿಸಬಹುದು: "ಇಂದು ಸಂಜೆ 6 ಗಂಟೆಗೆ ನೀವು ಕರೆ ಮಾಡಿ, ಲಿಂಗಸುಗೂರಿನಿಂದ ರಾತ್ರಿ 9 ಗಂಟೆಗೆ ಹೊರಡಬೇಕಿದ್ದ ಬಸ್ಸು ರದ್ದಾಗಿದೆ ಎಂದು ತಿಳಿಸಿದ್ದೀರಿ. ನಾನು ಟಿಕೆಟ್ ರದ್ದು ಮಾಡಿಲ್ಲ. ಪೂರ್ಣ ದರವನ್ನು ಹಿಂದಿರುಗಿಸಿ." ಎದುರಿನವರು ಉತ್ತರಿಸದಿದ್ದರೂ, ಘಟನೆ ನಡೆದ ಹೊತ್ತಿನಲ್ಲೇ ಬರೆದ ಸಂದೇಶಕ್ಕೆ ತಿಂಗಳ ನಂತರ ಬರೆದ ದೂರಿಗಿಂತ ಹೆಚ್ಚು ಬೆಲೆಯಿದೆ.

ಆಮೇಲೆ ಟಿಕೆಟ್, ಹಣ ಸಂದಾಯದ ವಿವರ, ಕರೆಯ ಸಮಯ ತೋರಿಸುವ ಪಟ್ಟಿ ಮತ್ತು ಆ್ಯಪಿನಲ್ಲಿ ಟಿಕೆಟಿನ ಸ್ಥಿತಿ ತೋರಿಸುವ ಪುಟ, ಇಷ್ಟನ್ನು ಸ್ಕ್ರೀನ್‌ಶಾಟ್ ತೆಗೆದು ಇಟ್ಟುಕೊಳ್ಳಬೇಕು. ಟಿಕೆಟಿನ ಸ್ಥಿತಿಯನ್ನು ಆ ರಾತ್ರಿ ಒಮ್ಮೆ, ಮರುದಿನ ಒಮ್ಮೆ ತೆಗೆದಿಡುವುದು ಲೇಸು. ನಡುವೆ ಅದು ಬದಲಾಗಿದ್ದರೆ ಆ ಬದಲಾವಣೆಯೇ ಸಾಕ್ಷಿಯಾಗುತ್ತದೆ. ನಿಲ್ದಾಣದಲ್ಲಿ ಇನ್ನಿತರ ಪ್ರಯಾಣಿಕರೂ ಕಾಯುತ್ತಿದ್ದರೆ ಒಬ್ಬಿಬ್ಬರ ಫೋನ್ ಸಂಖ್ಯೆ ಪಡೆದಿರಬೇಕು. ಒಂದೇ ಬಸ್ಸಿನ ಇಬ್ಬರು ಪ್ರಯಾಣಿಕರು ಒಂದೇ ಮಾತು ಹೇಳಿದರೆ 'ಬಸ್ಸು ಹೊರಟಿತ್ತು, ಇವರೇ ಬರಲಿಲ್ಲ' ಎಂಬ ವಾದ ನಿಲ್ಲುವುದಿಲ್ಲ.

ಬಸ್ಸಿನವರು ಬದಲಿ ಬಸ್ಸು ಕೊಡುತ್ತೇವೆಂದಾಗ ಅದನ್ನು ಒಪ್ಪಿ ಪ್ರಯಾಣ ಮಾಡಿದವರಿಗೆ ಪೂರ್ಣ ದರ ಕೇಳುವ ಹಕ್ಕು ಉಳಿಯುವುದಿಲ್ಲ. ಮಲಗುವ ಆಸನಕ್ಕೆ ಹಣ ಕೊಟ್ಟು ಕೂರುವ ಆಸನದಲ್ಲಿ ಹೋದವರು ವ್ಯತ್ಯಾಸದ ಹಣವನ್ನು ಕೇಳಬಹುದು. ಹಣದ ಬದಲು ಮುಂದಿನ ಪ್ರಯಾಣಕ್ಕೆ ಕೂಪನ್ ಕೊಡುತ್ತೇವೆ ಎಂದರೆ ಅದನ್ನು ಒಪ್ಪಿಕೊಳ್ಳಲೇಬೇಕೆಂಬ ಕಟ್ಟುಪಾಡಿಲ್ಲ. ಆದರೆ ಒಮ್ಮೆ ಬಳಸಿಕೊಂಡ ಮೇಲೆ ಹಣ ಕೇಳುವಂತಿಲ್ಲ.

ರೈಲಿನ ಟಿಕೆಟ್ ಆಗಿದ್ದರೆ

ರೈಲ್ವೆ ಕಾಯ್ದೆ, 1989ರ 52ನೇ ಕಲಮಿನಂತೆ ಟಿಕೆಟ್ ಹಿಂದಿರುಗಿಸಿದಾಗ ನಿಯಮಾನುಸಾರ ಹಣ ಕೊಡುವುದು ರೈಲ್ವೆಯ ಕರ್ತವ್ಯ. 2015ರ ನವೆಂಬರ್ 12ರಿಂದ ಜಾರಿಗೆ ಬಂದ ಮರುಪಾವತಿ ನಿಯಮಗಳು ಅದರ ವಿವರಗಳನ್ನು ನೀಡುತ್ತವೆ. ರೈಲು ಸಂಪೂರ್ಣ ರದ್ದಾದರೆ ಇ-ಟಿಕೆಟಿನ ದರ ಅರ್ಜಿಯಿಲ್ಲದೆಯೇ, ಪಾವತಿ ಮಾಡಿದ ಖಾತೆಗೆ ಹಿಂದಿರುಗುತ್ತದೆ. ಐಆರ್‌ಸಿಟಿಸಿ ಪಡೆಯುವ ಸೇವಾ ಶುಲ್ಕ ಮಾತ್ರ ಮರಳುವುದಿಲ್ಲ. ಅದು ರೈಲಿನ ದರವಲ್ಲ.

ಕೌಂಟರಿನಲ್ಲಿ ಕೊಂಡ ಟಿಕೆಟಿನ ಕಥೆ ಬೇರೆ. ರೈಲು ರದ್ದಾದರೂ ಹಣ ತಾನಾಗಿ ಬರುವುದಿಲ್ಲ. ನಿಗದಿತ ಸಮಯದಿಂದ ಮೂರು ದಿನಗಳೊಳಗೆ ಮೂಲ ಟಿಕೆಟನ್ನು ಕಾಯ್ದಿರಿಸುವಿಕೆ ಕೌಂಟರಿಗೆ ಒಪ್ಪಿಸಿ ಹಣ ಪಡೆಯಬೇಕು. ಹಟ್ಟಿಯಿಂದ ರಾಯಚೂರು ಎಪ್ಪತ್ತು-ಎಂಬತ್ತು ಕಿಲೋಮೀಟರ್ ದೂರವಿರುವುದರಿಂದ, "ಮುಂದಿನ ವಾರ ಹೋದಾಗ ನೋಡೋಣ" ಎಂದು ಬಿಟ್ಟವರ ಗಡುವು ಮುಗಿದಿರುತ್ತದೆ. 2020ರ ಲಾಕ್‌ಡೌನ್ ವೇಳೆ ಈ ಗಡುವನ್ನು ಹಂತಹಂತವಾಗಿ ಒಂಬತ್ತು ತಿಂಗಳವರೆಗೆ ವಿಸ್ತರಿಸಲಾಗಿತ್ತು. ಅದು ಆ ಕಾಲದ ಪ್ರಯಾಣಗಳಿಗೆ ಮಾತ್ರ ಕೊಟ್ಟ ವಿನಾಯಿತಿ. ಈಗ ಅದನ್ನು ನೆಚ್ಚಿಕೊಳ್ಳುವಂತಿಲ್ಲ.

ರೈಲು ರದ್ದಾಗದೆ ಮೂರು ಗಂಟೆಗೂ ಹೆಚ್ಚು ತಡವಾಗಿ, ಪ್ರಯಾಣಿಕ ಹೋಗದಿರಲು ನಿರ್ಧರಿಸಿದರೆ ಆಗಲೂ ಪೂರ್ಣ ದರಕ್ಕೆ ಅರ್ಹತೆಯಿದೆ. ಆದರೆ ಇಲ್ಲಿ ಹಣ ತಾನಾಗಿ ಬರುವುದಿಲ್ಲ. ಇ-ಟಿಕೆಟ್ ಆಗಿದ್ದರೆ ಟಿಡಿಆರ್ ಎಂಬ ಕೋರಿಕೆಯನ್ನು ಐಆರ್‌ಸಿಟಿಸಿ ತಾಣದಲ್ಲಿ ಸಲ್ಲಿಸಬೇಕು. ಕೌಂಟರ್ ಟಿಕೆಟ್ ಆಗಿದ್ದರೆ ನಿಲ್ದಾಣದಲ್ಲಿ ಒಪ್ಪಿಸಬೇಕು. ಎರಡನ್ನೂ ಆ ರೈಲು ನಿಜವಾಗಿ ಹೊರಡುವುದಕ್ಕೆ ಮೊದಲೇ ಮಾಡಿರಬೇಕು. ರೈಲು ಹೋದ ನಂತರ ಮನೆಗೆ ಬಂದು ಸಲ್ಲಿಸಿದ ಟಿಡಿಆರ್ ತಿರಸ್ಕೃತವಾದರೆ ಅದನ್ನು ಪ್ರಶ್ನಿಸುವುದು ಕಷ್ಟ.

ಗಡುವಿನೊಳಗೆ ಕೇಳಿದ್ದರೂ ರೈಲ್ವೆ ನಿರಾಕರಿಸಿದರೆ, ಆಯಾ ವಲಯದ ಮರುಪಾವತಿ ವಿಭಾಗದ ಮುಖ್ಯ ವಾಣಿಜ್ಯ ವ್ಯವಸ್ಥಾಪಕರಿಗೆ ಬರೆಯಬೇಕು. ಅಲ್ಲಿಯೂ ಫಲವಿಲ್ಲದಿದ್ದರೆ ರೈಲ್ವೆ ಕ್ಲೇಮ್ಸ್ ಟ್ರಿಬ್ಯುನಲ್ ಇದೆ. 1987ರ ಕಾಯ್ದೆಯ 13ನೇ ಕಲಮು ಪ್ರಯಾಣ ದರದ ಮರುಪಾವತಿಯನ್ನು ನೇರವಾಗಿ ಈ ಟ್ರಿಬ್ಯುನಲ್ಲಿಗೆ ವಹಿಸಿದೆ. ದರ ಪಾವತಿಸಿದ ದಿನದಿಂದ ಮೂರು ವರ್ಷಗಳೊಳಗೆ ಅರ್ಜಿ ಸಲ್ಲಿಸಬಹುದು. ಕರ್ನಾಟಕದಲ್ಲಿ ಅದರ ಪೀಠ ಬೆಂಗಳೂರಿನಲ್ಲಿದೆ. ಕೇವಲ ಟಿಕೆಟ್ ದರಕ್ಕಾಗಿ ಗ್ರಾಹಕರ ಆಯೋಗಕ್ಕೆ ಹೋದರೆ ರೈಲ್ವೆ ಇದೇ ಕಾಯ್ದೆಯನ್ನು ಮುಂದೊಡ್ಡಿ ಆಕ್ಷೇಪಿಸುವುದು ಖಂಡಿತ. ಸೇವಾ ನ್ಯೂನತೆಯಿಂದಾದ ಬೇರೆ ನಷ್ಟದ ವಿಚಾರದಲ್ಲಿ ಮಾತ್ರ ಗ್ರಾಹಕರ ಆಯೋಗದ ದಾರಿ ಗಟ್ಟಿಯಾಗಿದೆ. ರೈಲು ನಾಲ್ಕು ಗಂಟೆ ತಡವಾಗಿ ಜಮ್ಮು ತಲುಪಿದ್ದರಿಂದ ಶ್ರೀನಗರದ ವಿಮಾನ ತಪ್ಪಿಸಿಕೊಂಡ ಪ್ರಯಾಣಿಕರ ಪ್ರಕರಣದಲ್ಲಿ, ವಿಳಂಬಕ್ಕೆ ತಕ್ಕ ಕಾರಣವನ್ನು ರೈಲ್ವೆಯೇ ತೋರಿಸಿಕೊಡಬೇಕು, ಇಲ್ಲದಿದ್ದರೆ ಪರಿಹಾರ ಕೊಡಬೇಕು ಎಂದು ಸುಪ್ರೀಂ ಕೋರ್ಟ್ 2021ರ ಸೆಪ್ಟೆಂಬರಿನಲ್ಲಿ ಹೇಳಿತು.

ಸರ್ಕಾರಿ ಬಸ್ಸಿನ ಟಿಕೆಟ್ ಆಗಿದ್ದರೆ

ರಾಯಚೂರು ಜಿಲ್ಲೆ ಕಲ್ಯಾಣ ಕರ್ನಾಟಕ ರಸ್ತೆ ಸಾರಿಗೆ ನಿಗಮದ ವ್ಯಾಪ್ತಿಗೆ ಸೇರಿದೆ. ಹಿಂದೆ ಇದಕ್ಕೆ ಈಶಾನ್ಯ ಕರ್ನಾಟಕ ರಸ್ತೆ ಸಾರಿಗೆ ನಿಗಮವೆಂದು ಹೆಸರಿತ್ತು. ಮುಂಗಡ ಕಾಯ್ದಿರಿಸಿದ ಬಸ್ಸನ್ನು ನಿಗಮವೇ ರದ್ದು ಮಾಡಿದರೆ ಪ್ರಯಾಣ ದರ ಹಿಂದಿರುಗಿಸಬೇಕು. 2021ರ ಏಪ್ರಿಲ್ 7ರಿಂದ 21ರವರೆಗೆ ಸಾರಿಗೆ ನೌಕರರ ಮುಷ್ಕರದಿಂದ ರಾಜ್ಯದಲ್ಲಿ ಬಸ್ಸುಗಳು ನಿಂತದ್ದು ಇಂಥ ಸಂದರ್ಭ.

ಮುಷ್ಕರ, ನೆರೆ, ಬಂದ್ ಮುಂತಾದವು ನಮ್ಮ ಕೈಮೀರಿದ್ದು, ಆದ್ದರಿಂದ ಹಣ ಕೊಡುವುದಿಲ್ಲ ಎಂಬ ಉತ್ತರ ಸರ್ಕಾರಿ, ಖಾಸಗಿ ಎರಡೂ ಕಡೆ ಕೇಳಿಬರುವುದುಂಟು. ಇಲ್ಲಿ ಮರುಪಾವತಿ ಮತ್ತು ಪರಿಹಾರ ಎಂಬ ಎರಡನ್ನು ಬೇರ್ಪಡಿಸಿ ನೋಡಬೇಕು. ಕೈಮೀರಿದ ಕಾರಣವಿದ್ದರೆ ಪರಿಹಾರ ಸಿಗದಿರಬಹುದು, ಏಕೆಂದರೆ ಅದಕ್ಕೆ ಎದುರಿನವರ ತಪ್ಪು ಇರಬೇಕು. ಮರುಪಾವತಿಗೆ ಯಾರ ತಪ್ಪೂ ಬೇಕಾಗಿಲ್ಲ. ಭಾರತೀಯ ಕರಾರು ಕಾಯ್ದೆ, 1872ರ 56ನೇ ಕಲಮಿನಂತೆ ನೆರವೇರಿಸಲಾಗದ ಕರಾರು ಅನೂರ್ಜಿತವಾಗುತ್ತದೆ. 65ನೇ ಕಲಮಿನಂತೆ ಅಂಥ ಕರಾರಿನಿಂದ ಪಡೆದ ಲಾಭವನ್ನು ಹಿಂದಿರುಗಿಸಬೇಕು. ಬಸ್ಸು ಓಡದಿದ್ದರೆ ದರವನ್ನು ಇಟ್ಟುಕೊಳ್ಳಲು ಆಧಾರವೇ ಇಲ್ಲ.

ಸರ್ಕಾರಿ ನಿಗಮದ ವಿಚಾರದಲ್ಲಿ ಪ್ರಯಾಣಿಕನಿಗೆ ಒಂದು ಅನುಕೂಲವಿದೆ. ಬಸ್ಸು ಓಡಿತೇ ಇಲ್ಲವೇ ಎಂಬುದನ್ನು ಮಾಹಿತಿ ಹಕ್ಕು ಕಾಯ್ದೆ, 2005ರಡಿ ಕೇಳಿ ಪಡೆಯಬಹುದು. ಹತ್ತು ರೂಪಾಯಿ ಶುಲ್ಕದೊಂದಿಗೆ ಸಂಬಂಧಪಟ್ಟ ವಿಭಾಗದ ಸಾರ್ವಜನಿಕ ಮಾಹಿತಿ ಅಧಿಕಾರಿಗೆ ಅರ್ಜಿ ಬರೆದು, ಇಂಥ ದಿನಾಂಕದಂದು ಇಂಥ ಘಟಕದಿಂದ ಇಷ್ಟು ಗಂಟೆಗೆ ಹೊರಡಬೇಕಿದ್ದ ಬಸ್ಸು ಸಂಚರಿಸಿತೇ, ಇಲ್ಲದಿದ್ದರೆ ರದ್ದತಿಯ ದಾಖಲೆಯ ಪ್ರತಿ ಕೊಡಿ ಎಂದು ಕೇಳಬೇಕು. ರಾಜ್ಯದ ನಿಯಮದಂತೆ ಅರ್ಜಿ ಒಂದೇ ವಿಷಯಕ್ಕೆ ಸೀಮಿತವಾಗಿ 150 ಪದಗಳೊಳಗೆ ಇರಬೇಕು. ಮೂವತ್ತು ದಿನಗಳಲ್ಲಿ ಬರಬೇಕಾದ ಈ ಉತ್ತರ ಕೈಗೆ ಸಿಕ್ಕರೆ 'ಪ್ರಯಾಣಿಕ ಬರಲಿಲ್ಲ' ಎಂಬ ನಮೂದು ಬಿದ್ದುಹೋಗುತ್ತದೆ. ಖಾಸಗಿ ಬಸ್ಸಿನವರಿಗೆ ಈ ಕಾಯ್ದೆ ಅನ್ವಯಿಸುವುದಿಲ್ಲ.

ಖಾಸಗಿ ಬಸ್ಸು: ಒಂದು ಲೆಕ್ಕ

ವಿಷಯ ಸ್ಪಷ್ಟವಾಗಲೆಂದು ಒಂದು ಕಲ್ಪಿತ ಉದಾಹರಣೆಯನ್ನು ತೆಗೆದುಕೊಳ್ಳೋಣ. ಹಟ್ಟಿಯ ಗಣಿ ಕಾರ್ಮಿಕರೊಬ್ಬರು ತಾಯಿಯನ್ನು ಬೆಂಗಳೂರಿನ ಆಸ್ಪತ್ರೆಗೆ ತೋರಿಸಲು ಲಿಂಗಸುಗೂರಿನಿಂದ ಖಾಸಗಿ ಬಸ್ಸಿನಲ್ಲಿ ಎರಡು ಮಲಗುವ ಆಸನಗಳನ್ನು ಆ್ಯಪಿನ ಮೂಲಕ ಕಾಯ್ದಿರಿಸುತ್ತಾರೆ. ತೆರಿಗೆ, ಶುಲ್ಕ ಸೇರಿ 2,560 ರೂ. ಪಾವತಿಸುತ್ತಾರೆ. ಸಂಜೆ 6ಕ್ಕೆ ಬಸ್ಸು ಇಲ್ಲವೆಂಬ ಕರೆ ಬರುತ್ತದೆ. ಮರುದಿನದ ವೈದ್ಯರ ಸಮಯ ತಪ್ಪಬಾರದೆಂದು 2,800 ರೂ. ಬಾಡಿಗೆಗೆ ಕಾರು ಹಿಡಿದು ರಾಯಚೂರಿಗೆ ಹೋಗಿ, ಅಲ್ಲಿಂದ 500 ರೂ. ಟಿಕೆಟಿನಲ್ಲಿ ರೈಲು ಹತ್ತುತ್ತಾರೆ. ಮೂರು ದಿನಗಳ ನಂತರ ಹಣ ಕೇಳಿದಾಗ ಆ್ಯಪಿನವರು 'ಬಸ್ಸಿನವರ ದಾಖಲೆಯಲ್ಲಿ ಪ್ರಯಾಣಿಕ ಬರಲಿಲ್ಲವೆಂದಿದೆ' ಎನ್ನುತ್ತಾರೆ. ಬಸ್ಸಿನವರು 'ಹಣ ಆ್ಯಪಿನವರ ಬಳಿಯಿದೆ, ಅವರನ್ನೇ ಕೇಳಿ' ಎನ್ನುತ್ತಾರೆ.

ಮೊದಲು ಬೇಡಿಕೆಯ ಮೊತ್ತವನ್ನು ಸರಿಯಾಗಿ ಕಟ್ಟಿಕೊಳ್ಳಬೇಕು. ಟಿಕೆಟಿನ 2,560 ರೂ. ಮತ್ತು ಬದಲಿ ಪ್ರಯಾಣದ 3,300 ರೂ. ಎರಡನ್ನೂ ಕೂಡಿಸಿ 5,860 ರೂ. ನಷ್ಟವೆಂದು ಬರೆಯುವುದು ಸಾಮಾನ್ಯ ತಪ್ಪು. ಹೇಗಿದ್ದರೂ ಬೆಂಗಳೂರಿಗೆ ಹೋಗಲು ಅವರು 2,560 ರೂ. ಖರ್ಚು ಮಾಡಲೇಬೇಕಿತ್ತು, ಆ ಹಣ ಮರಳಿದ ಮೇಲೆ ಉಳಿಯುವ ನಿಜವಾದ ಹೆಚ್ಚುವರಿ ಹೊರೆ 740 ರೂ. ಮಾತ್ರ. ಆದ್ದರಿಂದ ಬೇಡಿಕೆ 2,560 ರೂ. ಮರುಪಾವತಿ, 740 ರೂ. ಹೆಚ್ಚುವರಿ ವೆಚ್ಚ, ಒಟ್ಟು 3,300 ರೂ. ಎಂದಿರಬೇಕು. ಮನಃಕ್ಲೇಶಕ್ಕೆ ಪರಿಹಾರ, ಬಡ್ಡಿ ಮತ್ತು ದಾವೆಯ ಖರ್ಚನ್ನು ಬೇರೆ ಸಾಲುಗಳಲ್ಲಿ ಕೇಳಬೇಕು. ಅವುಗಳ ಮೊತ್ತ ಆಯೋಗದ ವಿವೇಚನೆಗೆ ಬಿಟ್ಟದ್ದು. ಕಾರಿನ ಬಾಡಿಗೆಗೆ ರಸೀದಿ ಅಥವಾ ಫೋನ್ ಮೂಲಕ ಪಾವತಿಸಿದ ದಾಖಲೆ ಇರಬೇಕು. ಲೆಕ್ಕ ಹೀಗೆ ನೇರವಾಗಿದ್ದರೆ ದೂರಿನ ಉಳಿದ ಮಾತಿಗೂ ತೂಕ ಬರುತ್ತದೆ.

ನೋಟಿಸ್

ಮುಂದಿನದು ಲಿಖಿತ ಬೇಡಿಕೆ. ಅದನ್ನು ಬಸ್ಸಿನವರಿಗೂ ಆ್ಯಪ್ ಸಂಸ್ಥೆಗೂ ಒಟ್ಟಿಗೆ ಬರೆಯಬೇಕು. ಒಬ್ಬರಿಗಷ್ಟೇ ಬರೆದರೆ ಇನ್ನೊಬ್ಬರ ಕಡೆ ಬೆರಳು ತೋರಿಸಿ ತಪ್ಪಿಸಿಕೊಳ್ಳಲು ದಾರಿ ಸಿಗುತ್ತದೆ. 2020ರ ಇ-ವಾಣಿಜ್ಯ ನಿಯಮಗಳಂತೆ ಆ್ಯಪ್ ಸಂಸ್ಥೆ ಕುಂದುಕೊರತೆ ಅಧಿಕಾರಿಯನ್ನು ನೇಮಿಸಿ ಅವರ ಹೆಸರು, ಸಂಪರ್ಕ ವಿವರಗಳನ್ನು ತನ್ನ ತಾಣದಲ್ಲಿ ಪ್ರಕಟಿಸಿರಬೇಕು. ಆ ಅಧಿಕಾರಿ ದೂರು ತಲುಪಿದ್ದನ್ನು 48 ಗಂಟೆಗಳಲ್ಲಿ ಒಪ್ಪಿಕೊಂಡು ಒಂದು ತಿಂಗಳೊಳಗೆ ಇತ್ಯರ್ಥ ಮಾಡಬೇಕು. ಆದ್ದರಿಂದ ಬೇಡಿಕೆಯನ್ನು ಗ್ರಾಹಕ ಸೇವೆಯ ಚಾಟ್‌ಗೆ ಮಾತ್ರ ಕಳಿಸದೆ ಈ ಅಧಿಕಾರಿಯ ಇ-ಮೇಲ್ ವಿಳಾಸಕ್ಕೆ ಕಳಿಸಬೇಕು. ಬಸ್ಸಿನವರಿಗೆ ಟಿಕೆಟಿನಲ್ಲಿರುವ ವಿಳಾಸಕ್ಕೆ ಸ್ಪೀಡ್ ಪೋಸ್ಟ್ ಮೂಲಕ ಕಳಿಸಿ ರಸೀದಿಯನ್ನು ಇಟ್ಟುಕೊಳ್ಳಬೇಕು.

ನೋಟಿಸಿನ ಒಕ್ಕಣೆ ಹೀಗಿದ್ದರೆ ಸಾಕು:

"ಇಂಥ ಸಂಖ್ಯೆಯ ಟಿಕೆಟಿನಲ್ಲಿ ಇಂಥ ದಿನಾಂಕದಂದು ಲಿಂಗಸುಗೂರಿನಿಂದ ಬೆಂಗಳೂರಿಗೆ ಎರಡು ಆಸನಗಳನ್ನು ಕಾಯ್ದಿರಿಸಿ 2,560 ರೂ. ಪಾವತಿಸಿದ್ದೇನೆ. ಅಂದು ಸಂಜೆ 6 ಗಂಟೆಗೆ ತಾವು ಕರೆ ಮಾಡಿ ಸೇವೆ ರದ್ದಾಗಿದೆ ಎಂದು ತಿಳಿಸಿದಿರಿ. ನಾನು ಟಿಕೆಟ್ ರದ್ದು ಮಾಡಿಲ್ಲ. ನಿಲ್ದಾಣಕ್ಕೆ ಬಸ್ಸು ಬಂದಿಲ್ಲ. 'ಪ್ರಯಾಣಿಕ ಬರಲಿಲ್ಲ' ಎಂಬ ನಮೂದು ಸತ್ಯಕ್ಕೆ ದೂರವಾಗಿದೆ. ಬಸ್ಸು ಸಂಚರಿಸಿದ್ದರೆ ಆ ದಿನದ ಪ್ರಯಾಣಿಕರ ಪಟ್ಟಿ ಹಾಗೂ ಸಂಚಾರದ ದಾಖಲೆಯನ್ನು ಒದಗಿಸಿ. ಇಲ್ಲವಾದಲ್ಲಿ ಈ ಪತ್ರ ತಲುಪಿದ 15 ದಿನಗಳೊಳಗೆ 3,300 ರೂ. ಪಾವತಿಸಿ. ತಪ್ಪಿದಲ್ಲಿ ರಾಯಚೂರು ಜಿಲ್ಲಾ ಗ್ರಾಹಕರ ಆಯೋಗದಲ್ಲಿ ದೂರು ದಾಖಲಿಸಲಾಗುವುದು."

ದಾಖಲೆ ಕೊಡಿ ಎಂಬ ವಾಕ್ಯವೇ ಇದರಲ್ಲಿ ಮುಖ್ಯವಾದದ್ದು. ಬಸ್ಸು ಓಡಿದ್ದರೆ ಅದನ್ನು ತೋರಿಸುವುದು ಬಸ್ಸಿನವರಿಗೆ ಸುಲಭ. ಕೇಳಿದ ಮೇಲೂ ತೋರಿಸದಿದ್ದರೆ, ದಾಖಲೆ ಇಲ್ಲವೆಂದೇ ಆಯೋಗ ಭಾವಿಸಲು ಅವಕಾಶವಾಗುತ್ತದೆ.

ಇದೇ ಅವಧಿಯಲ್ಲಿ 1915 ಸಂಖ್ಯೆಯ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ಕರೆ ಮಾಡಿ ಅಥವಾ consumerhelpline.gov.in ತಾಣದಲ್ಲಿ ದೂರು ನೋಂದಾಯಿಸಬಹುದು. ಸಹಾಯವಾಣಿ ದೂರನ್ನು ಸಂಸ್ಥೆಗೆ ರವಾನಿಸಿ ಉತ್ತರ ಕೇಳುತ್ತದೆ. ದೊಡ್ಡ ಸಂಸ್ಥೆಗಳು ಹಲವು ಬಾರಿ ಈ ಹಂತದಲ್ಲೇ ಹಣ ಕೊಟ್ಟು ಮುಗಿಸುತ್ತವೆ. ಆದರೆ ಸಹಾಯವಾಣಿ ನ್ಯಾಯಾಲಯವಲ್ಲ, ಆದೇಶ ಮಾಡಲಾರದು. ಅಲ್ಲಿ ದೂರು ಮುಕ್ತಾಯವಾಯಿತೆಂದು ಬರೆದು ಬಂದರೂ ಆಯೋಗಕ್ಕೆ ಹೋಗುವ ಹಕ್ಕು ಹಾಗೆಯೇ ಉಳಿದಿರುತ್ತದೆ.

ರಾಯಚೂರಿನ ಆಯೋಗಕ್ಕೆ ದೂರು

ಬಸ್ಸಿನ ಕಚೇರಿ ಬೆಂಗಳೂರಿನಲ್ಲಿದೆ, ಆ್ಯಪ್ ಸಂಸ್ಥೆಯೂ ಹೊರಗಿನದು, ಆದ್ದರಿಂದ ಅಲ್ಲಿಗೇ ಹೋಗಬೇಕು ಎಂಬ ಭಾವನೆ ಅನೇಕರಲ್ಲಿದೆ. ಟಿಕೆಟಿನ ಷರತ್ತುಗಳಲ್ಲೂ 'ಬೆಂಗಳೂರಿನ ನ್ಯಾಯಾಲಯ ಮಾತ್ರ' ಎಂಬ ಸಾಲು ಇರುವುದುಂಟು. ಆದರೆ ಗ್ರಾಹಕ ಸಂರಕ್ಷಣಾ ಕಾಯ್ದೆ, 2019ರ 34ನೇ ಕಲಮಿನಂತೆ ದೂರುದಾರ ವಾಸಿಸುವ ಅಥವಾ ದುಡಿಯುವ ಸ್ಥಳದ ಜಿಲ್ಲಾ ಆಯೋಗದಲ್ಲೇ ದೂರು ಸಲ್ಲಿಸಬಹುದು. ಹಟ್ಟಿ, ಲಿಂಗಸುಗೂರು, ಮಸ್ಕಿ, ಸಿಂಧನೂರಿನವರಿಗೆ ಅದು ರಾಯಚೂರಿನ ಜಿಲ್ಲಾ ಗ್ರಾಹಕರ ವ್ಯಾಜ್ಯಗಳ ಪರಿಹಾರ ಆಯೋಗ. ಹಿಂದಿನ 1986ರ ಕಾಯ್ದೆಯಲ್ಲಿ ಈ ಅನುಕೂಲ ಇರಲಿಲ್ಲ.

ಕೊಂಡ ಸೇವೆಯ ಬೆಲೆ ಐದು ಲಕ್ಷ ರೂಪಾಯಿವರೆಗೆ ಇದ್ದರೆ ಶುಲ್ಕವಿಲ್ಲ. ವಕೀಲರು ಇರಲೇಬೇಕೆಂಬ ನಿಯಮವೂ ಇಲ್ಲ. ದೂರುದಾರ ತಾನೇ ವಾದಿಸಬಹುದು. ದೂರನ್ನು ಎರಡು ವರ್ಷಗಳೊಳಗೆ ಸಲ್ಲಿಸಬೇಕು. ಖುದ್ದಾಗಿ ಹೋಗಿ ಕೊಡಬಹುದು, ಇಲ್ಲವೇ 2025ರ ಜನವರಿಯಲ್ಲಿ ಆರಂಭವಾದ e-jagriti.gov.in ತಾಣದ ಮೂಲಕ ಸಲ್ಲಿಸಬಹುದು. ವಿಡಿಯೋ ಮೂಲಕ ವಿಚಾರಣೆಗೆ ಹಾಜರಾಗಲು ಅನುಮತಿ ಕೋರುವ ಅವಕಾಶವನ್ನೂ ಕಾಯ್ದೆ ಕೊಟ್ಟಿದೆ.

ದೂರಿನಲ್ಲಿ ಬಸ್ಸಿನವರನ್ನು ಒಂದನೇ ಎದುರುದಾರರಾಗಿಯೂ ಆ್ಯಪ್ ಸಂಸ್ಥೆಯನ್ನು ಎರಡನೇ ಎದುರುದಾರರಾಗಿಯೂ ಹೆಸರಿಸಬೇಕು. ಬಳಿಕ ದಿನಾಂಕ, ಗಂಟೆಗಳ ಸಹಿತ ನಡೆದದ್ದನ್ನು ಕ್ರಮವಾಗಿ ಬರೆಯಬೇಕು. ಕಾನೂನಿನ ಆಧಾರ ಎರಡು. ಒಂದು, ಹಣ ಪಡೆದು ಸಾರಿಗೆ ಸೇವೆ ಕೊಡದಿರುವುದು ಸೇವಾ ನ್ಯೂನತೆ. ಇನ್ನೊಂದು, ಕಾಯ್ದೆಯ 2(47)ನೇ ಕಲಮು: ನ್ಯೂನತೆಯ ಸೇವೆಗೆ ಪಡೆದ ಹಣವನ್ನು ರಸೀದಿಯಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಹೇಳಿರದಿದ್ದರೆ ಮೂವತ್ತು ದಿನಗಳೊಳಗೆ ಹಿಂದಿರುಗಿಸಲು ನಿರಾಕರಿಸುವುದನ್ನು ಅದು ಅನುಚಿತ ವ್ಯಾಪಾರ ಪದ್ಧತಿಯೆಂದು ಕರೆಯುತ್ತದೆ. ಆದ್ದರಿಂದ ಹಣ ಕೇಳಿದ ದಿನಾಂಕವನ್ನು ದೂರಿನಲ್ಲಿ ಸ್ಪಷ್ಟವಾಗಿ ಬರೆಯುವುದು ಅಗತ್ಯ.

'ನಾವು ಮಧ್ಯವರ್ತಿಗಳು ಮಾತ್ರ, ಬಸ್ಸು ನಮ್ಮದಲ್ಲ' ಎಂದು ಆ್ಯಪ್ ಸಂಸ್ಥೆ ವಾದಿಸುವುದು ವಾಡಿಕೆ. ಬಸ್ಸು ಕೆಟ್ಟದ್ದಕ್ಕೆ ಅವರು ಹೊಣೆಯಲ್ಲವೆಂಬುದು ಇರಬಹುದು. ಆದರೆ ಹಣ ಪಡೆದವರು ಅವರು, ಶುಲ್ಕ ಪಡೆದವರು ಅವರು, ಪ್ರಯಾಣಿಕನ ದೂರನ್ನು ವಿಚಾರಿಸದೆ ಬಸ್ಸಿನವರ ಮಾತನ್ನೇ ಒಪ್ಪಿ ತಿರಸ್ಕರಿಸಿದವರೂ ಅವರು. ದೂರಿನಲ್ಲಿ ಅವರ ಮೇಲಿನ ಆಪಾದನೆಯನ್ನು ಈ ಮೂರು ಅಂಶಗಳಿಗೆ ಸೀಮಿತಗೊಳಿಸಿದರೆ ಮಧ್ಯವರ್ತಿ ಎಂಬ ವಾದಕ್ಕೆ ಹೆಚ್ಚು ಬಲವಿರುವುದಿಲ್ಲ.

ದೂರಿನ ಜೊತೆ ಟಿಕೆಟ್, ಪಾವತಿಯ ದಾಖಲೆ, ಸಂದೇಶಗಳು, ಟಿಕೆಟಿನ ಸ್ಥಿತಿಯ ಎರಡು ಚಿತ್ರಗಳು, ನೋಟಿಸ್, ಅಂಚೆ ರಸೀದಿ ಮತ್ತು ಕಾರಿನ ಬಾಡಿಗೆಯ ದಾಖಲೆಗಳನ್ನು ಸಂಖ್ಯೆ ಹಾಕಿ ಲಗತ್ತಿಸಿ, ನೋಟರಿಯವರ ಮುಂದೆ ಸಹಿ ಮಾಡಿದ ಪ್ರಮಾಣಪತ್ರ ಕೊಡಬೇಕು. ಸಂದೇಶಗಳಿರುವ ಫೋನನ್ನು ಪ್ರಕರಣ ಮುಗಿಯುವವರೆಗೆ ಮಾರಬಾರದು, ಅಳಿಸಬಾರದು.

ನೋಟಿಸ್ ಜಾರಿಯಾದ ಮೇಲೆ ಎದುರುದಾರರಿಗೆ ಉತ್ತರಿಸಲು 30 ದಿನ, ಆಯೋಗ ಅನುಮತಿಸಿದರೆ ಇನ್ನೂ 15 ದಿನ ಕಾಲಾವಕಾಶವಿದೆ. ಅದನ್ನು ಮೀರಿ ಬಂದ ಉತ್ತರವನ್ನು ಸ್ವೀಕರಿಸುವ ಅಧಿಕಾರ ಆಯೋಗಕ್ಕಿಲ್ಲವೆಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2020ರ ಮಾರ್ಚಿನಲ್ಲಿ ತೀರ್ಪು ನೀಡಿದೆ. ಇಂಥ ಪ್ರಕರಣಗಳನ್ನು ಮೂರು ತಿಂಗಳಲ್ಲಿ ತೀರ್ಮಾನಿಸಲು ಯತ್ನಿಸಬೇಕೆಂದು ಕಾಯ್ದೆ ಹೇಳುತ್ತದೆ. ವಾಸ್ತವದಲ್ಲಿ ಅದಕ್ಕಿಂತ ಹೆಚ್ಚು ಕಾಲ ಹಿಡಿಯುವುದನ್ನು ನಿರೀಕ್ಷಿಸಿಯೇ ಹೊರಡಬೇಕು. ನಡುವೆ ಎದುರುದಾರರು ರಾಜಿಗೆ ಬಂದರೆ ಟಿಕೆಟಿನ ದರ ಮತ್ತು ಹೆಚ್ಚುವರಿ ವೆಚ್ಚ ಪೂರ್ಣವಾಗಿ ಸಿಗುವುದನ್ನು ಖಚಿತಪಡಿಸಿಕೊಂಡು, ಹಣ ಖಾತೆಗೆ ಬಂದ ನಂತರವೇ ದೂರು ಹಿಂಪಡೆಯುವ ಜ್ಞಾಪನಕ್ಕೆ ಸಹಿ ಮಾಡಬೇಕು.

ಆದೇಶವಾದ ಮೇಲೆ

ದೂರುದಾರನ ಪರ ಆದೇಶವಾದರೆ ಎದುರುದಾರರು 45 ದಿನಗಳೊಳಗೆ ರಾಜ್ಯ ಆಯೋಗಕ್ಕೆ ಮೇಲ್ಮನವಿ ಸಲ್ಲಿಸಬಹುದು. ಆದರೆ ಅದಕ್ಕೆ ಮೊದಲು ಆದೇಶದ ಮೊತ್ತದ ಅರ್ಧದಷ್ಟನ್ನು ಠೇವಣಿ ಇಡಬೇಕು. ಸಣ್ಣ ಮೊತ್ತದ ಪ್ರಕರಣಗಳಲ್ಲಿ ಮೇಲ್ಮನವಿಗಿಂತ ಮೌನವೇ ಹೆಚ್ಚು: ಆದೇಶ ಬಂದಿರುತ್ತದೆ, ಹಣ ಬರುವುದಿಲ್ಲ. ಆಗ ಅದೇ ಆಯೋಗದಲ್ಲಿ ಜಾರಿ ಅರ್ಜಿ ಸಲ್ಲಿಸಬೇಕು. 71ನೇ ಕಲಮಿನಡಿ ಆದೇಶವನ್ನು ಸಿವಿಲ್ ನ್ಯಾಯಾಲಯದ ಡಿಕ್ರಿಯಂತೆ ಜಾರಿ ಮಾಡಬಹುದು. ಆದೇಶ ಪಾಲಿಸದವರಿಗೆ 72ನೇ ಕಲಮಿನಡಿ ಒಂದು ತಿಂಗಳಿನಿಂದ ಮೂರು ವರ್ಷದವರೆಗೆ ಸೆರೆವಾಸ, ಅಥವಾ 25 ಸಾವಿರದಿಂದ ಒಂದು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡನ್ನೂ ವಿಧಿಸಬಹುದು. ಮೂರು ಸಾವಿರ ರೂಪಾಯಿ ಉಳಿಸಿಕೊಳ್ಳಲು ಈ ಅಪಾಯಕ್ಕೆ ಒಡ್ಡಿಕೊಳ್ಳುವವರು ವಿರಳ.

ಒಂದು ಎಚ್ಚರಿಕೆಯ ಮಾತು. ಬಸ್ಸಿನವರ ಕರೆಯ ಮಾತಿಗೆ ಒಪ್ಪಿ ಟಿಕೆಟನ್ನು ಈಗಾಗಲೇ ತಾವೇ ರದ್ದು ಮಾಡಿದವರ ಹಕ್ಕು ಪೂರ್ತಿ ಹೋಗಿಲ್ಲ. ಅವರು ಹೇಳಿದ್ದರಿಂದಲೇ ರದ್ದು ಮಾಡಿದೆನೆಂದು ತೋರಿಸುವ ಹೊಣೆ ಮಾತ್ರ ಪ್ರಯಾಣಿಕನ ಮೇಲೆ ಬೀಳುತ್ತದೆ. ಸಂಜೆ 6ಕ್ಕೆ ಬಸ್ಸಿನವರ ಸಂಖ್ಯೆಯಿಂದ ಕರೆ ಬಂದಿದ್ದು, 6 ಗಂಟೆ 10 ನಿಮಿಷಕ್ಕೆ ಟಿಕೆಟ್ ರದ್ದಾಗಿದ್ದರೆ ಆ ಹತ್ತು ನಿಮಿಷದ ಅಂತರವೇ ಬಹಳಷ್ಟನ್ನು ಹೇಳುತ್ತದೆ. ಫೋನಿನಲ್ಲಿ ಕರೆಗಳ ಪಟ್ಟಿ ಅಳಿದುಹೋಗುವ ಮುನ್ನ ಅದರ ಚಿತ್ರವನ್ನು ತೆಗೆದಿಡಬೇಕು.